ವಿದೇಶಿ ಹಣದ ಅಡ್ವೈಸ್ ಓದುವ ಕ್ರಮ: ಡಾಲರ್, ದರ, ಶುಲ್ಕ ಮತ್ತು ಪರ್ಪಸ್ ಕೋಡ್

ಹುಬ್ಬಳ್ಳಿಯ ನಮ್ಮ ಲೆಕ್ಕಪತ್ರದ ಕಚೇರಿಗೆ ಧಾರವಾಡದ ತರುಣರೊಬ್ಬರು ಅಡ್ವೈಸ್, ಅಂದರೆ ವಿದೇಶಿ ಹಣ ಜಮೆಯಾದಾಗ ಬ್ಯಾಂಕು ಕೊಡುವ ವಿವರದ ಹಾಳೆ, ಹಿಡಿದು ಬಂದಿದ್ದರು. ಅಮೆರಿಕದ ಕಂಪನಿಯೊಂದಕ್ಕೆ ವಿದ್ಯುತ್ ಮೀಟರಿನ ಫರ್ಮ್‌ವೇರ್ ಬರೆದುಕೊಡುವ ಅವರು 4,000 ಡಾಲರಿಗೆ ಬಿಲ್ ಮಾಡಿದ್ದರು. ಆ ದಿನ ಮೊಬೈಲಿನಲ್ಲಿ ಕಂಡ ದರ ಡಾಲರಿಗೆ 84.95 ರೂಪಾಯಿ, ಅದರಂತೆ 3,39,800 ರೂಪಾಯಿ ಬರಬೇಕಿತ್ತು. ಖಾತೆಗೆ ಜಮೆಯಾದದ್ದು 3,35,194.41. "ಸರ್, ನಾಲ್ಕೂವರೆ ಸಾವಿರ ಎಲ್ಲಿ ಹೋತ್ರೀ?" ಎಂಬುದೊಂದೇ ಅವರ ಪ್ರಶ್ನೆ. ಹಾಳೆಯ ಕೆಳಮೂಲೆಯಲ್ಲಿದ್ದ P1301 ಎಂಬ ಐದಕ್ಷರವನ್ನು ಅವರು ಗಮನಿಸಿರಲಿಲ್ಲ. ಮುಂದೆ ಅವರಿಗೆ ಹೆಚ್ಚು ತೊಂದರೆ ಕೊಡಬಹುದಾಗಿದ್ದದ್ದು ಅದೇ.

ಈ ಬರಹ ಆ ಒಂದು ಅಡ್ವೈಸನ್ನೇ ಸಾಲುಸಾಲಾಗಿ ಪರಿಶೀಲಿಸುತ್ತದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ಹೊಂದಿಸಿದ್ದೇನೆ. ಹೆಚ್ಚಿನವರು ಮಾಡುವ ತಪ್ಪೆಂದರೆ, ಬಿಲ್ಲಿನ ಮೊತ್ತವನ್ನು ಮೊಬೈಲಿನ ದರದಿಂದ ಗುಣಿಸಿ, ಜಮೆಯಾದ ರೂಪಾಯಿಯ ಪಕ್ಕದಲ್ಲಿಟ್ಟು, ಉಳಿದ ವ್ಯತ್ಯಾಸವನ್ನೆಲ್ಲ "ಬ್ಯಾಂಕಿನವರು ಹೊಡೆದರು" ಎಂದುಬಿಡುವುದು. ವಾಸ್ತವದಲ್ಲಿ ಆ ವ್ಯತ್ಯಾಸ ಮೂರು ಬೇರೆ ಬೇರೆ ಜಾಗಗಳಲ್ಲಿ ಹುಟ್ಟುತ್ತದೆ. ದಾರಿಯಲ್ಲಿ ಕಡಿಮೆಯಾದ ಡಾಲರ್ ಒಂದು, ಪರಿವರ್ತನೆಯ ದರ ಎರಡು, ರೂಪಾಯಿಯಲ್ಲಿ ಕಡಿತವಾದ ಶುಲ್ಕ ಮತ್ತು ತೆರಿಗೆ ಮೂರು. ಇವನ್ನು ಇದೇ ಕ್ರಮದಲ್ಲಿ ಬಿಡಿಸಿಕೊಳ್ಳದಿದ್ದರೆ ಯಾವುದು ನ್ಯಾಯವಾದ ಕಡಿತ, ಯಾವುದು ತಪ್ಪು ಎಂದು ಹೇಳಲು ಬರುವುದಿಲ್ಲ.

ಮೊದಲು ಡಾಲರನ್ನು ಡಾಲರಿನಲ್ಲೇ ನೋಡಿ

ರೂಪಾಯಿಯ ಅಂಕಣವನ್ನು ಕೈಯಿಂದ ಮುಚ್ಚಿ, ಅಡ್ವೈಸಿನಲ್ಲಿ ವಿದೇಶಿ ಕರೆನ್ಸಿಯ ಮೊತ್ತ ಎಷ್ಟಿದೆ ಎಂದಷ್ಟೇ ಓದಬೇಕು. ನಮ್ಮ ಹಾಳೆಯಲ್ಲಿ 3,982.00 ಎಂದಿತ್ತು. ಅಂದರೆ 18 ಡಾಲರ್ ರೂಪಾಯಿಯಾಗುವ ಮೊದಲೇ ಹೋಗಿದೆ. ಅದು ಎಲ್ಲಿ ಹೋಯಿತೆಂದು ಅಡ್ವೈಸ್ ಹೇಳುವುದಿಲ್ಲ, ಬ್ಯಾಂಕುಗಳು ಒಂದಕ್ಕೊಂದು ಕಳಿಸುವ ಸ್ವಿಫ್ಟ್ ಸಂದೇಶ ಹೇಳುತ್ತದೆ. ಅದರ ಪ್ರತಿಯನ್ನು ಶಾಖೆಯಲ್ಲಿ ಬರವಣಿಗೆಯಲ್ಲಿ ಕೇಳಿದರೆ ಕೊಡುತ್ತಾರೆ, ಇಲ್ಲವೇ ಹಣ ಕಳಿಸಿದವರೇ ತಮ್ಮ ಬ್ಯಾಂಕಿನಿಂದ ತೆಗೆದು ಇಮೇಲ್ ಮಾಡಬಹುದು. ನಮಗೆ ಸಿಕ್ಕ ಪ್ರತಿಯಲ್ಲಿ ಬೇಕಾದ ಸಾಲುಗಳು ಇಷ್ಟೇ ಇದ್ದವು:

```
:32A:YYMMDDUSD3982,00
:33B:USD4000,00
:70:PAYMENT
:71A:SHA
:71F:USD18,00
```

33B ಎಂಬ ಸಾಲಿನಲ್ಲಿರುವುದು ಗ್ರಾಹಕರು ಕಳಿಸಲು ಹೇಳಿದ ಮೊತ್ತ. 32A ಸಾಲಿನಲ್ಲಿ ಆರಂಕಿಯ ದಿನಾಂಕ, ಅದರ ಹಿಂದೆ ಬ್ಯಾಂಕುಗಳ ನಡುವೆ ನಿಜವಾಗಿ ಚುಕ್ತಾ ಆದ ಮೊತ್ತ. 71F ಎಂಬುದು ದಾರಿಯಲ್ಲಿನ ಬ್ಯಾಂಕು ತೆಗೆದುಕೊಂಡದ್ದು. 71A ಸಾಲು ಶುಲ್ಕ ಯಾರ ತಲೆಯ ಮೇಲೆ ಎಂಬುದನ್ನು ಹೇಳುತ್ತದೆ: OUR ಇದ್ದರೆ ಪೂರ್ತಿ ಕಳಿಸುವವರದ್ದು, BEN ಇದ್ದರೆ ಪೂರ್ತಿ ಪಡೆಯುವವರದ್ದು, SHA ಇದ್ದರೆ ಅವರ ಬ್ಯಾಂಕಿನದು ಅವರಿಗೆ, ಉಳಿದದ್ದು ನಮಗೆ. ನವೆಂಬರ್ 2025ರ ನಂತರದ ಸಂದೇಶಗಳು ಹೊಸ ಮಾದರಿಯಲ್ಲಿರುತ್ತವೆ. ಅಲ್ಲಿ ಇದೇ ಮಾಹಿತಿ InstdAmt, IntrBkSttlmAmt, ChrgsInf ಎಂಬ ಹೆಸರುಗಳಲ್ಲಿ ಕಾಣುತ್ತದೆ, OUR, SHA, BEN ಬದಲಿಗೆ DEBT, SHAR, CRED ಎಂದಿರುತ್ತದೆ. ಓದುವ ಕ್ರಮ ಮಾತ್ರ ಬದಲಾಗಿಲ್ಲ.

ಇಲ್ಲಿ ಮೂರು ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಳ್ಳಬೇಕು: ಕಳಿಸಿದ್ದು 4,000, ಚುಕ್ತಾ ಆದದ್ದು 3,982, ಅಡ್ವೈಸಿನಲ್ಲಿರುವುದು 3,982. ವ್ಯತ್ಯಾಸ ಮೊದಲ ಎರಡರ ನಡುವೆ ಇದ್ದರೆ ಅದು ದಾರಿಯಲ್ಲಾದ ಕಡಿತ. ಅದಕ್ಕೆ ಹುಬ್ಬಳ್ಳಿಯ ಶಾಖೆಯಲ್ಲಿ ಜಗಳವಾಡಿ ಪ್ರಯೋಜನವಿಲ್ಲ; ಮುಂದಿನ ಸಲ OUR ಹಾಕಿ ಕಳಿಸಿರೆಂದು ಗ್ರಾಹಕರಿಗೆ ಹೇಳಬೇಕು, ಅಥವಾ ಆ ಮೊತ್ತವನ್ನು ಬಿಲ್ಲಿನಲ್ಲೇ ಸೇರಿಸಿಕೊಳ್ಳಬೇಕು. ವ್ಯತ್ಯಾಸ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಇದ್ದರೆ, ಉದಾಹರಣೆಗೆ 32A ಸಾಲಿನಲ್ಲಿ 4,000 ಇದ್ದು ಅಡ್ವೈಸಿನಲ್ಲಿ 3,990 ಬಂದಿದ್ದರೆ, ಕಡಿತವಾದದ್ದು ನಮ್ಮದೇ ಬ್ಯಾಂಕಿನ ಮನೆಯಲ್ಲಿ, ಇಲ್ಲವೇ ವಿದೇಶಿ ಹಣ ಪಡೆಯಲು ಅದು ವಿದೇಶದಲ್ಲಿ ನಾಸ್ಟ್ರೋ ಖಾತೆ ಇಟ್ಟಿರುವ ಬ್ಯಾಂಕಿನಲ್ಲಿ. ಆಗ ಲೆಕ್ಕ ಕೇಳಬೇಕಾದದ್ದು ನಮ್ಮ ಶಾಖೆಯನ್ನೇ. ಸಂದೇಶದಲ್ಲಿ OUR ಎಂದಿದ್ದೂ ಡಾಲರ್ ಕಡಿಮೆ ಬಂದಿದ್ದರೆ, UETR ಎಂಬ 36 ಅಕ್ಷರಗಳ ಗುರುತನ್ನು ಗ್ರಾಹಕರಿಗೆ ಕಳಿಸಿ, ಅವರ ಬ್ಯಾಂಕಿನ ಮೂಲಕವೇ ವಿಚಾರಿಸುವುದು ಸರಿಯಾದ ದಾರಿ.

ಹದಿನೆಂಟು ಡಾಲರ್ ಸಣ್ಣದೆಂದು ಬಿಡುವಂತಿಲ್ಲ, ಆದರೆ ಕಾರಣ ಅದರ ಬೆಲೆಯಲ್ಲ. 71F ಸಾಲಿರುವ ಪ್ರತಿಯನ್ನು ಬಿಲ್ಲಿನ ಜೊತೆ ಇಡದಿದ್ದರೆ, ಪುಸ್ತಕದಲ್ಲಿ ಆ ಬಿಲ್ಲಿನ ಮೇಲೆ 18 ಡಾಲರ್ ಬಾಕಿ ಎಂದೇ ಉಳಿದುಬಿಡುತ್ತದೆ. ಅದನ್ನು ಬ್ಯಾಂಕ್ ಶುಲ್ಕವೆಂದು ಖರ್ಚಿಗೆ ಹಾಕಿ ಬಿಲ್ಲನ್ನು 4,000ಕ್ಕೆ ಪೂರ್ತಿ ಮುಚ್ಚಬೇಕು, 3,982ಕ್ಕೆ ಬಿಲ್ ತಿದ್ದಬಾರದು.

ದರ: ಯಾವ ದಿನದ್ದು, ಯಾವ ಅಂಕಣದ್ದು

ಅಡ್ವೈಸಿನಲ್ಲಿ ದರ 84.35 ಎಂದಿತ್ತು. 3,982ನ್ನು 84.35ರಿಂದ ಗುಣಿಸಿದರೆ 3,35,881.70 ಬರುತ್ತದೆ, ಹಾಳೆಯಲ್ಲಿಯೂ ಅಷ್ಟೇ ಇತ್ತು. ಗುಣಾಕಾರ ಸರಿಯಿದೆ ಎಂದ ಮಾತ್ರಕ್ಕೆ ದರವೂ ಸರಿಯಿದೆ ಎಂದಾಗುವುದಿಲ್ಲ. ಜಪಾನಿನ ಯೆನ್ ಬಂದಿದ್ದರೆ ಒಂದು ಎಚ್ಚರಿಕೆ, ಅದರ ದರವನ್ನು 100 ಯೆನ್‌ಗೆ ಇಷ್ಟು ಎಂದು ಬರೆಯುವುದು ರೂಢಿ.

ಮೊಬೈಲಿನಲ್ಲಿ ಕಾಣುವುದು ಮಾರುಕಟ್ಟೆಯ ನಡುದರ, ಆ ದರಕ್ಕೆ ಬ್ಯಾಂಕು ಯಾರಿಂದಲೂ ಡಾಲರ್ ಕೊಳ್ಳುವುದಿಲ್ಲ. ಮಾನದಂಡ ದರಗಳನ್ನು ನಿಗದಿಮಾಡುವ ಎಫ್‌ಬಿಐಎಲ್ ಸಂಸ್ಥೆ ಪ್ರತಿ ವಹಿವಾಟಿನ ದಿನ ಪ್ರಕಟಿಸುವ ರೆಫರೆನ್ಸ್ ದರವೂ ಹೋಲಿಕೆಗೆ ಮಾತ್ರ. ಒಳಬರುವ ಹಣಕ್ಕೆ ಹಚ್ಚಬೇಕಾದದ್ದು ನಮ್ಮ ಬ್ಯಾಂಕು ಆ ದಿನ ಪ್ರಕಟಿಸಿದ ಟಿಟಿ ಬೈಯಿಂಗ್ ದರ, ಅಂದರೆ ಆಗಲೇ ತನ್ನ ಕೈಗೆ ಬಂದ ಡಾಲರನ್ನು ಬ್ಯಾಂಕು ಕೊಳ್ಳುವ ದರ, ಇಲ್ಲವೇ ನಾವು ಮೊದಲೇ ಕೇಳಿ ಒಪ್ಪಿಕೊಂಡ ವಿಶೇಷ ದರ. ಬ್ಯಾಂಕಿನ ಕಾರ್ಡ್ ರೇಟ್ ಹಾಳೆಯಲ್ಲಿ ಒಂದೇ ಡಾಲರಿಗೆ ಹಲವು ಅಂಕಣಗಳಿರುತ್ತವೆ. ನಮ್ಮ ಪ್ರಕರಣದ ದಿನದ ಸಾಲು ಹೀಗಿತ್ತು:

```
         TT BUY   TT SELL   BILL BUY   BILL SELL
USD/INR  84.60    85.30     84.35      85.45
```

ತಪ್ಪು ಇಲ್ಲಿ ಕಣ್ಣಿಗೆ ಬಿತ್ತು. ಹಚ್ಚಿದ 84.35 ಎಂಬುದು ಟಿಟಿ ಬೈಯಿಂಗ್ ದರವಲ್ಲ, ಬಿಲ್ ಬೈಯಿಂಗ್ ದರ. ರಫ್ತಿನ ಬಿಲ್ಲನ್ನು ಬ್ಯಾಂಕು ಮುಂಚಿತವಾಗಿ ಕೊಂಡು, ಹಣ ತನಗೆ ಬರುವ ಮೊದಲೇ ರೂಪಾಯಿ ಕೊಡುವಾಗ ಹಚ್ಚುವ ದರ ಅದು. ಕಾಯುವ ದಿನಗಳ ಬೆಲೆಯನ್ನು ಬ್ಯಾಂಕು ಅದರಲ್ಲಿ ಹಿಡಿದುಕೊಂಡಿರುತ್ತದೆ. ಇಲ್ಲಿ ಡಾಲರ್ ಆಗಲೇ ಬ್ಯಾಂಕಿನ ನಾಸ್ಟ್ರೋ ಖಾತೆಗೆ ಬಂದು ಬಿದ್ದಿತ್ತು, ಕಾಯುವ ಪ್ರಮೇಯವೇ ಇರಲಿಲ್ಲ. ಎರಡರ ನಡುವಿನ 25 ಪೈಸೆಯನ್ನು 3,982ರಿಂದ ಗುಣಿಸಿದರೆ 995.50 ರೂಪಾಯಿ.

ಈ ಹೋಲಿಕೆ ಮಾಡಲು ಆ ದಿನದ ಕಾರ್ಡ್ ರೇಟ್ ಹಾಳೆ ಕೈಯಲ್ಲಿರಬೇಕು. ಹಲವು ಬ್ಯಾಂಕುಗಳು ಜಾಲತಾಣದಲ್ಲಿ ನಿನ್ನೆಯ ಹಾಳೆಯ ಮೇಲೆಯೇ ಇಂದಿನದನ್ನು ಹಾಕುತ್ತವೆ, ಹಳೆಯದು ಆಮೇಲೆ ಸಿಗುವುದಿಲ್ಲ. ಹೀಗಾಗಿ ಹಣ ಬರುವ ನಿರೀಕ್ಷೆಯಿರುವ ದಿನಗಳಲ್ಲಿ ಬೆಳಿಗ್ಗೆ ಆ ಹಾಳೆಯನ್ನು ಇಳಿಸಿಟ್ಟುಕೊಳ್ಳಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೊತ್ತ ದೊಡ್ಡದಿದ್ದರೆ ಕಾರ್ಡ್ ರೇಟ್ ಬೇಡ, ಟ್ರೆಜರಿಯ ಆ ಹೊತ್ತಿನ ದರ ಕೊಡಿರೆಂದು ಪರಿವರ್ತನೆಗೆ ಮೊದಲೇ ಕೇಳಬೇಕು. ಜಮೆಯಾದ ಮೇಲೆ ಕೇಳಿದರೆ ಅದು ವಿನಂತಿಯಾಗುತ್ತದೆಯೇ ಹೊರತು ಹಕ್ಕಾಗುವುದಿಲ್ಲ.

ದಿನದ ವಿಷಯದಲ್ಲಿಯೂ ಗೊಂದಲವಾಗುತ್ತದೆ. 32A ಸಾಲಿನ ದಿನಾಂಕಕ್ಕೂ ರೂಪಾಯಿಗೆ ಪರಿವರ್ತನೆಯಾದ ದಿನಕ್ಕೂ ಅಂತರವಿರಬಹುದು. ನಮ್ಮ ಕಡೆಯ ಸಾಮಾನ್ಯ ಶಾಖೆಗಳು ಈ ಕೆಲಸವನ್ನು ತಾವೇ ಮಾಡುವುದಿಲ್ಲ. ಬ್ಯಾಂಕಿನ ಫಾರೆಕ್ಸ್ ಘಟಕಕ್ಕೆ ಕಳಿಸುತ್ತವೆ, ಘಟಕ ಹಣದ ಉದ್ದೇಶ ಕೇಳಿ ಇಮೇಲ್ ಮಾಡುತ್ತದೆ, ಉತ್ತರ ಬಂದ ದಿನದ ದರಕ್ಕೆ ಪರಿವರ್ತಿಸುತ್ತದೆ. ಆ ಇಮೇಲಿಗೆ ನಾವೇ ಮೂರು ದಿನ ಉತ್ತರಿಸದಿದ್ದರೆ, ನಡುವೆ ಬಿದ್ದ ದರದ ನಷ್ಟ ನಮ್ಮದೇ. ಕಾಗದಗಳೆಲ್ಲ ಮುಟ್ಟಿದ ಮೇಲೂ ಬ್ಯಾಂಕು ತಡಮಾಡಿದ್ದರೆ, ಉತ್ತರ ಕಳಿಸಿದ ಇಮೇಲಿನ ಸಮಯವನ್ನು ತೋರಿಸಿ, ಬ್ಯಾಂಕಿನ ಪರಿಹಾರ ನೀತಿಯಂತೆ ಕೇಳಬಹುದು.

ರೂಪಾಯಿಯಲ್ಲಿನ ಕಡಿತ

ಇದು ಮೂರರಲ್ಲಿ ಸುಲಭದ ಭಾಗ, ಏಕೆಂದರೆ ಸೂತ್ರ ನಿಗದಿಯಾಗಿದೆ. ನಮ್ಮ ಹಾಳೆಯಲ್ಲಿ ನಿರ್ವಹಣಾ ಶುಲ್ಕ 250, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 45, ಮತ್ತೊಂದು ಜಿಎಸ್‌ಟಿ 392.29 ಎಂದಿತ್ತು. ಮೊದಲನೆಯದನ್ನು ಬ್ಯಾಂಕಿನ ಶುಲ್ಕಪಟ್ಟಿಯ ಜೊತೆ ತಾಳೆ ನೋಡಿದರೆ ಮುಗಿಯಿತು. ಎರಡನೆಯ ಜಿಎಸ್‌ಟಿಯನ್ನು ಕಂಡು "ಒಂದಕ್ಕೆ ಎರಡು ಸಲ ತೆರಿಗೆ" ಎಂದು ಸಿಟ್ಟಾಗುವವರು ಬಹಳ. ಅದು ಕರೆನ್ಸಿ ಪರಿವರ್ತನೆ ಎಂಬ ಸೇವೆಯ ಮೇಲಿನ ತೆರಿಗೆ, ನಿರ್ವಹಣಾ ಶುಲ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಬ್ಯಾಂಕುಗಳು ಸಾಮಾನ್ಯವಾಗಿ ಬಳಸುವ ಲೆಕ್ಕ ಜಿಎಸ್‌ಟಿ ನಿಯಮ 32ರಲ್ಲಿದೆ. ಪರಿವರ್ತನೆಯಾದ ಒಟ್ಟು ರೂಪಾಯಿ ಒಂದು ಲಕ್ಷದವರೆಗೆ ಇದ್ದರೆ ಅದರ ಶೇಕಡಾ 1 ಸೇವೆಯ ಮೌಲ್ಯ, ಕನಿಷ್ಠ 250. ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ ಇದ್ದರೆ 1,000 ರೂಪಾಯಿ ಮತ್ತು ಒಂದು ಲಕ್ಷಕ್ಕೆ ಮೇಲ್ಪಟ್ಟ ಮೊತ್ತದ ಶೇಕಡಾ 0.5. ಹತ್ತು ಲಕ್ಷ ದಾಟಿದರೆ 5,500 ಮತ್ತು ಮೇಲ್ಪಟ್ಟದ್ದರ ಶೇಕಡಾ 0.1, ಗರಿಷ್ಠ 60,000. ಹೀಗೆ ಬಂದ ಮೌಲ್ಯದ ಮೇಲೆ ಶೇಕಡಾ 18. ಮೌಲ್ಯವನ್ನೇ ಕಡಿತ ಮಾಡುವುದಿಲ್ಲ, ಅದರ ಮೇಲಿನ ತೆರಿಗೆಯನ್ನು ಮಾತ್ರ ಎಂಬುದು ನೆನಪಿರಲಿ.

```
1000 + 0.5% × (335881.70 − 100000) = 2179.41
2179.41 × 18%                       = 392.29
335881.70 − 250 − 45 − 392.29       = 335194.41
```

ಜಮೆಯಾದ ಮೊತ್ತ ಪೈಸೆ ಸಹಿತ ಕೂಡಿತು. ಒಂದೆರಡು ರೂಪಾಯಿ ಆಚೀಚೆ ಬಂದರೆ ಅಂಕಿಯ ಕೊನೆಯನ್ನು ಸರಿಪಡಿಸುವ ಪದ್ಧತಿ ಕಾರಣವಿರಬಹುದು, ನೂರಾರು ರೂಪಾಯಿ ವ್ಯತ್ಯಾಸ ಬಂದರೆ ಕೇಳಲೇಬೇಕು. ಜಿಎಸ್‌ಟಿ ನೋಂದಣಿ ಇದ್ದವರು ತಮ್ಮ ಸಂಖ್ಯೆಯನ್ನು ಬ್ಯಾಂಕಿನ ಖಾತೆಗೆ ಜೋಡಿಸಿರಬೇಕು. ಇಲ್ಲದಿದ್ದರೆ ಈ ತೆರಿಗೆಗೆ ಸಿಗಬೇಕಾದ ಇನ್‌ಪುಟ್ ಕ್ರೆಡಿಟ್ ನಮ್ಮ GSTR-2B ಹಾಳೆಯಲ್ಲಿ ಕಾಣಿಸುವುದೇ ಇಲ್ಲ.

ಈಗ ಆ ನಾಲ್ಕೂವರೆ ಸಾವಿರಕ್ಕೆ ಉತ್ತರ ಹೇಳಬಹುದು. ಒಟ್ಟು ವ್ಯತ್ಯಾಸ 4,605.59. ಅದರಲ್ಲಿ ದಾರಿಯಲ್ಲಿ ಹೋದ 18 ಡಾಲರಿನ ಬೆಲೆ 84.95ರಂತೆ 1,529.10. ಮೊಬೈಲ್ ದರಕ್ಕೂ ಹಚ್ಚಿದ ದರಕ್ಕೂ ಇದ್ದ 60 ಪೈಸೆಯಿಂದ 2,389.20. ಶುಲ್ಕ ಮತ್ತು ತೆರಿಗೆ 687.29. ಮೂರನ್ನೂ ಕೂಡಿಸಿದರೆ ಸರಿಯಾಗಿ 4,605.59. ಇದರಲ್ಲಿ ತಪ್ಪೆಂದು ಕೇಳಬಹುದಾದದ್ದು 2,389.20ರೊಳಗಿನ 995.50 ಮಾತ್ರ, ಉಳಿದ 1,393.70 ಬ್ಯಾಂಕಿನ ಮಾರ್ಜಿನ್. ದರ ತಿದ್ದಿದರೆ ಒಟ್ಟು ಮೊತ್ತ 3,36,877.20 ಆಗಿ ಜಿಎಸ್‌ಟಿಯೂ 90 ಪೈಸೆ ಏರುತ್ತದೆ, ಆದ್ದರಿಂದ ಕೈಗೆ ಬರಬೇಕಾದದ್ದು 994.60. ಪತ್ರದಲ್ಲಿ ಈ ಅಂಕಿಯನ್ನೇ ಬರೆದೆವು. "ನಾಲ್ಕೂವರೆ ಸಾವಿರ ಕಡಿಮೆ ಬಂದಿದೆ" ಎಂದು ಬರೆದಿದ್ದರೆ ಕೌಂಟರಿನಲ್ಲಿದ್ದವರು "ಮಾರುಕಟ್ಟೆ ದರ ಬೇರೆ, ಬ್ಯಾಂಕ್ ದರ ಬೇರೆ ರೀ" ಎಂದು ಕಳಿಸಿಬಿಡುತ್ತಿದ್ದರು, ಅದು ಸರಿಯಾದ ಉತ್ತರವೂ ಆಗಿರುತ್ತಿತ್ತು.

ಪರ್ಪಸ್ ಕೋಡ್

ಹಣ ಯಾವ ಕಾರಣಕ್ಕೆ ದೇಶದೊಳಗೆ ಬಂತು ಎಂಬುದನ್ನು ರಿಸರ್ವ್ ಬ್ಯಾಂಕಿಗೆ ತಿಳಿಸಲು ಬ್ಯಾಂಕು ಪ್ರತಿ ಜಮೆಗೂ ಒಂದು ಕೋಡ್ ಹಚ್ಚುತ್ತದೆ. ಒಳಬರುವ ಹಣದ ಕೋಡ್ P ಅಕ್ಷರದಿಂದ ಶುರುವಾಗುತ್ತದೆ, ಹೊರಹೋಗುವುದರದ್ದು S ಅಕ್ಷರದಿಂದ. P1301 ಎಂದರೆ ಅನಿವಾಸಿ ಭಾರತೀಯರು ಕುಟುಂಬದ ನಿರ್ವಹಣೆ ಮತ್ತು ಉಳಿತಾಯಕ್ಕೆ ಕಳಿಸಿದ ಹಣ. ದುಬೈಯಲ್ಲಿರುವ ಮಗ ಹಾವೇರಿಯ ತಂದೆತಾಯಿಗೆ ತಿಂಗಳ ಖರ್ಚಿಗೆ ಕಳಿಸಿದರೆ ಅದೇ ಸರಿಯಾದ ಕೋಡ್. ಫರ್ಮ್‌ವೇರ್ ಕೆಲಸಕ್ಕೆ ಅಮೆರಿಕದ ಕಂಪನಿ ಕೊಟ್ಟ ಹಣಕ್ಕೆ ಅದು ಬಂದದ್ದು ಹೇಗೆ? ಸ್ವಿಫ್ಟ್ ಪ್ರತಿಯ 70ನೆಯ ಸಾಲನ್ನು ನೋಡಿರಿ: ಅಲ್ಲಿ PAYMENT ಎಂಬ ಒಂದೇ ಪದವಿದೆ. ಹಣ ಉಳಿತಾಯ ಖಾತೆಗೆ ಬಂದಿದೆ. ಉದ್ದೇಶ ಕೇಳಿ ಬಂದ ಇಮೇಲು ತರುಣರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಉತ್ತರ ಬಾರದಿದ್ದಾಗ ಯಾರೋ ಉಳಿತಾಯ ಖಾತೆಗೆ ರೂಢಿಯಲ್ಲಿರುವ ಕೋಡ್ ಹಚ್ಚಿ ಜಮೆ ಮಾಡಿದ್ದಾರೆ. ಕಳಿಸಿದವರ ಹೆಸರು ಕಂಪನಿಯದು, ಕೋಡ್ ಕುಟುಂಬ ನಿರ್ವಹಣೆಯದು. ಕಂಪನಿಗೆ ಕುಟುಂಬವಿರುವುದಿಲ್ಲವಾದ್ದರಿಂದ ಈ ಎರಡು ಸಾಲುಗಳನ್ನು ಜೋಡಿಸಿ ಓದಿದರೇ ತಪ್ಪು ಹಿಡಿಯಬಹುದು.

ಸರಿಯಾದ ಕೋಡನ್ನು ವೃತ್ತಿಯ ಹೆಸರಿನಿಂದ ಹುಡುಕಬಾರದು, ಬಿಲ್ಲಿನಲ್ಲಿ ಬರೆದ ಕೆಲಸದಿಂದ ಹುಡುಕಬೇಕು. ಸಾಫ್ಟ್‌ವೇರ್ ಸಲಹೆ ಮತ್ತು ಅನುಷ್ಠಾನಕ್ಕೆ P0802, ಆದರೆ ಸಾಫ್ಟ್‌ವೇರ್ ರಫ್ತನ್ನು ಘೋಷಿಸುವ ಸಾಫ್ಟೆಕ್ಸ್ ಫಾರ್ಮಿನಡಿ ಬರುವ ರಫ್ತು ಇದರಲ್ಲಿ ಸೇರುವುದಿಲ್ಲ, ಅದಕ್ಕೆ P0807 ಇದೆ. ದತ್ತಾಂಶ ಸಂಸ್ಕರಣೆಗೆ P0803, ಲೆಕ್ಕಪತ್ರ ಬರೆಯುವ ಕೆಲಸಕ್ಕೆ P1005, ವ್ಯಾಪಾರ ಮತ್ತು ಆಡಳಿತ ಸಲಹೆಗೆ P1006. ಬಿಲ್ಲಿನಲ್ಲಿ ಬರೇ "ಕನ್ಸಲ್ಟೆನ್ಸಿ" ಎಂದು ಬರೆದರೆ ಬ್ಯಾಂಕಿನವರು P1006 ಹಚ್ಚುವುದು ಸಹಜ. ಆ ತಪ್ಪಿನ ಮೂಲ ಬ್ಯಾಂಕಿನಲ್ಲಿಲ್ಲ, ನಮ್ಮ ಬಿಲ್ಲಿನಲ್ಲಿದೆ. ನಮ್ಮ ತರುಣರ ಒಪ್ಪಂದ, ಬಿಲ್ಲುಗಳನ್ನು ನೋಡಿ P0802 ಎಂದು ತೀರ್ಮಾನಿಸಿದೆವು.

ಸರಕಿನ ವ್ಯಾಪಾರದಲ್ಲಿ ಪ್ರಶ್ನೆ ಬೇರೆ. ಬ್ಯಾಡಗಿಯಿಂದ ಮೆಣಸಿನಕಾಯಿ ಕಳಿಸುವವರಿಗೆ ಸರಕು ಹೊರಡುವ ಮೊದಲೇ ಮುಂಗಡ ಬಂದಿದ್ದರೆ P0103, ಸರಕು ಹೋಗಿ ಕಲೆಕ್ಷನ್ನಿಗೆ ಕಳಿಸಿದ ಬಿಲ್ಲಿನ ಹಣವಾಗಿದ್ದರೆ P0102. ಎರಡೂ ರಫ್ತಿನದ್ದೇ ಆದರೂ ಮುಂಗಡವನ್ನು ಆಮೇಲೆ ಶಿಪ್ಪಿಂಗ್ ಬಿಲ್ಲಿಗೆ ಹೊಂದಿಸುವ ಕೆಲಸ ಬಾಕಿ ಇರುತ್ತದೆ, ಆದ್ದರಿಂದ ಅದಲುಬದಲಾದರೆ ಆ ಹೊಂದಾಣಿಕೆಯೇ ಸಿಕ್ಕಿಬೀಳುತ್ತದೆ.

ತಪ್ಪು ಕೋಡಿನಿಂದ ರೂಪಾಯಿ ನಷ್ಟವಾಗುವುದಿಲ್ಲ, ಹಾಗೆಂದೇ ಯಾರೂ ನೋಡುವುದಿಲ್ಲ. ತೊಂದರೆ ಕಾಣಿಸಿಕೊಳ್ಳುವುದು ತಿಂಗಳುಗಳಾದ ಮೇಲೆ. ಲೆಟರ್ ಆಫ್ ಅಂಡರ್‌ಟೇಕಿಂಗ್ ಕೊಟ್ಟು ತೆರಿಗೆಯಿಲ್ಲದೆ ಸೇವೆ ರಫ್ತು ಮಾಡಿದವರು, ಬಿಲ್ ಮಾಡಿದ ಮೇಲೆ ನಿಗದಿತ ಅವಧಿಯೊಳಗೆ ವಿದೇಶಿ ವಿನಿಮಯ ಬಂದಿದೆ ಎಂದು ತೋರಿಸಬೇಕು. ಜಿಎಸ್‌ಟಿ ಮರುಪಾವತಿ ಕೇಳುವವರೂ ಇದೇ ಪುರಾವೆ ಕೊಡಬೇಕು. ಕುಟುಂಬ ನಿರ್ವಹಣೆ ಎಂದು ಬರೆದ ಅಡ್ವೈಸನ್ನು ರಫ್ತಿನ ಪುರಾವೆಯೆಂದು ಕೊಟ್ಟರೆ ಅಧಿಕಾರಿ ಪ್ರಶ್ನಿಸುವುದು ನ್ಯಾಯವೇ. ವಿದೇಶ ವ್ಯಾಪಾರ ನಿರ್ದೇಶನಾಲಯವಾದ ಡಿಜಿಎಫ್‌ಟಿಯ ತಾಣದಲ್ಲಿ, ರಫ್ತಿನ ಹಣ ಬಂದದ್ದಕ್ಕೆ ಪ್ರಮಾಣಪತ್ರವಾದ ಇ-ಬಿಆರ್‌ಸಿ ಮಾಡಿಕೊಳ್ಳಲು ಹೋದಾಗಲೂ, ಬ್ಯಾಂಕು ಅಲ್ಲಿಗೆ ಈ ಜಮೆಯನ್ನು ರಫ್ತಿನ ಹಣವೆಂದು ಕಳಿಸಿಯೇ ಇಲ್ಲದ ಕಾರಣ ಪಟ್ಟಿಯಲ್ಲಿ ಅದು ಸಿಗುವುದಿಲ್ಲ.

ತಿದ್ದುಪಡಿ ಕೇಳುವುದು

ದರದ ವಿಷಯ ಮತ್ತು ಕೋಡಿನ ವಿಷಯಗಳಿಗೆ ಎರಡು ಬೇರೆ ಪತ್ರಗಳನ್ನು ಬರೆಯುವುದು ನನ್ನ ಪದ್ಧತಿ. ಒಂದೇ ಪತ್ರವಾದರೆ ಹಣ ಮರಳಿಸುವ ಮಾತು ಒಂದು ಮೇಜಿನಲ್ಲಿ ಕುಳಿತು, ಅದರ ಜೊತೆ ಕೋಡಿನ ತಿದ್ದುಪಡಿಯೂ ಕುಳಿತುಬಿಡುತ್ತದೆ. ಮೊದಲ ಪತ್ರಕ್ಕೆ ಅಡ್ವೈಸಿನ ಪ್ರತಿ, ಆ ದಿನದ ಕಾರ್ಡ್ ರೇಟ್ ಹಾಳೆ, ಮೇಲಿನ ಮೂರು ಸಾಲಿನ ಲೆಕ್ಕ ಸಾಕು. ಎರಡನೆಯದಕ್ಕೆ ಅಡ್ವೈಸ್, ಬಿಲ್, ಒಪ್ಪಂದ, ಸ್ವಿಫ್ಟ್ ಪ್ರತಿ ಲಗತ್ತಿಸಿ, ಅಡ್ವೈಸ್ ಸಂಖ್ಯೆ, ದಿನಾಂಕ, ಮೊತ್ತ, ಈಗಿರುವ ಕೋಡ್, ಇರಬೇಕಾದ ಕೋಡ್ ಇವನ್ನು ಸ್ಪಷ್ಟವಾಗಿ ಬರೆದು, ಕೋಡ್ ತಿದ್ದಿ ಹೊಸ ಅಡ್ವೈಸ್ ಕೊಡಬೇಕೆಂದು ಕೇಳಬೇಕು. ಬ್ಯಾಂಕು ರಿಸರ್ವ್ ಬ್ಯಾಂಕಿಗೆ ಆ ಅವಧಿಯ ವರದಿ ಕಳಿಸುವ ಮೊದಲಾದರೆ ತಿದ್ದುಪಡಿ ಸುಲಭ, ಆದ್ದರಿಂದ ಕೋಡಿನ ಪತ್ರವನ್ನು ಜಮೆಯಾದ ವಾರದಲ್ಲೇ ಕೊಡುವುದು ಲೇಸು. ಎರಡಕ್ಕೂ ಶಾಖೆಯ ಮುದ್ರೆಯಿರುವ ಸ್ವೀಕೃತಿ ಪಡೆಯಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ cms.rbi.org.in ಮೂಲಕ ದೂರು ಕೊಡಬಹುದು, ಅಲ್ಲಿ ಮೊದಲು ಕೇಳುವುದೇ ಆ ಸ್ವೀಕೃತಿ.

ನಮ್ಮ ಪ್ರಕರಣದಲ್ಲಿ 994.60 ಹನ್ನೊಂದನೆಯ ದಿನ ಖಾತೆಗೆ ಬಂತು. ಕೋಡಿಗೆ ಮಾತ್ರ ಮೂರು ಸಲ ಶಾಖೆಗೆ ಅಲೆಯಬೇಕಾಯಿತು, ಹೊಸ ಅಡ್ವೈಸ್ ಸಿಕ್ಕಿದ್ದು ತಿಂಗಳಾಗುತ್ತ ಬಂದಾಗ. ಅದು ಕೈಗೆ ಬಂದ ಕೂಡಲೇ ಕೋಡನ್ನಷ್ಟೇ ನೋಡದೆ, ತಿದ್ದಿದ ದರ, ಒಟ್ಟು ಮೊತ್ತ, ಜಿಎಸ್‌ಟಿ 393.19 ಆಗಿದೆಯೇ ಎಂಬುದನ್ನೂ ಮತ್ತೊಮ್ಮೆ ತಾಳೆ ನೋಡಿದೆವು. ಹೊಸ ಅಡ್ವೈಸಿಗೆ ಹೊಸ ಸಂಖ್ಯೆ ಬಂದಿತ್ತು, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಳೆಯ ಸಂಖ್ಯೆಯೇ ಉಳಿದಿತ್ತು. ಆದ್ದರಿಂದ ಹಳೆಯ ಹಾಳೆಯನ್ನು ಹರಿದು ಹಾಕದೆ, ಅದರ ಮೇಲೆ "ರದ್ದು, ಬದಲಿಗೆ ಇಂಥ ಸಂಖ್ಯೆ" ಎಂದು ಬರೆದು ಹೊಸದರ ಹಿಂದೆ ಪಿನ್ ಮಾಡಿಟ್ಟೆವು. ಮುಂದಿನ ಬಿಲ್ಲಿನಿಂದ ಆ ತರುಣರು ಗ್ರಾಹಕರಿಗೆ PAYMENT ಎಂದು ಬರೆಯಬೇಡಿ, ಬಿಲ್ ಸಂಖ್ಯೆ ಮತ್ತು ಕೆಲಸದ ಹೆಸರು ಬರೆಯಿರಿ ಎಂದು ತಿಳಿಸಿದ್ದಾರೆ. ಕರೆಂಟ್ ಖಾತೆಯನ್ನೂ ತೆರೆದಿದ್ದಾರೆ.